ಸುಮ್ನೆ ಕೂಡಿಸಬೇಡಿ, ಜೋಡಿಸಿ ನೋಡಿ

"ಪ್ರತಿ ಯೋಜನೆಯ ಲಾಭ-ವೆಚ್ಚ ಬೇರೆಬೇರೆಯಾಗಿ ನೋಡಿದರೆ ಸಾಲದೇ? ಒಟ್ಟಿಗೆ ಯಾಕೆ ನೋಡಬೇಕು?" - ಒಬ್ಬರು ಕೇಳಿದ್ದು.

ಸಾಲದು. ನೀರಾವರಿಯ ಒಂದು ಕಾಲ್ಪನಿಕ ಲೆಕ್ಕ ನೋಡಿ. ಮುಂದೆ ಬರುವ ಲಾಭ-ವೆಚ್ಚವನ್ನೂ ಇಂದಿನ ಮೌಲ್ಯಕ್ಕೆ ಇಳಿಸಿ ಹೇಳಿದ್ದೇನೆ. ಅಣೆಕಟ್ಟಿಗೆ 60 ಕೋಟಿ, ಕಾಲುವೆಗೆ 30 ಕೋಟಿ ವೆಚ್ಚ. ಕಾಲುವೆ ಇಲ್ಲದ ಅಣೆಕಟ್ಟಿನಿಂದ ಹೊಲಕ್ಕೆ ನೀರಿಲ್ಲ, ಅಣೆಕಟ್ಟಿಲ್ಲದ ಕಾಲುವೆ ಸುಮ್ನೆ ಒಣ ಹಳ್ಳ. ಬೇರೆಬೇರೆ ನೋಡಿದರೆ ಎರಡೂ ಪೂರಾ ನಷ್ಟ. ಎರಡೂ ಸೇರಿದರೆ ಬೆಳೆಯ ಲಾಭ 130 ಕೋಟಿ, ವೆಚ್ಚ ಕಳೆದರೆ 40 ಉಳಿಯುತ್ತದೆ.

ಈಗ ಅದೇ ಹೊಲಗಳಿಗೆ ಕೊಳವೆಬಾವಿ ಯೋಜನೆಯೂ ಬಂತು ಅಂದುಕೊಳ್ಳಿ. ವೆಚ್ಚ 20, ಅದೊಂದೇ ಇದ್ದರೆ ಲಾಭ 45, ಉಳಿಕೆ 25. ಹಾಗಾದರೆ ಮೂರೂ ಸೇರಿ 65 ಅಲ್ವಾ? ಇಲ್ಲ. ಕಾಲುವೆ ನೀರು ಆಗಲೇ ಬಂದಿದೆ, ಬಾವಿ ಹೆಚ್ಚಿಗೆ ಕೊಡುವುದು 14 ಮಾತ್ರ ಎಂದಿಟ್ಟುಕೊಳ್ಳಿ. ಮೂರರ ಉಳಿಕೆ 34ಕ್ಕೆ ಇಳಿಯುತ್ತದೆ. ಬಾವಿ ಬಿಟ್ಟ ಜೋಡಿಯೇ ಮೇಲು. (ಕಾಲುವೆಯಿಂದ ಇಂಗುವ ನೀರು ಬಾವಿಗಳನ್ನು ತುಂಬುವ ಕಡೆ ಈ 14 ಜಾಸ್ತಿಯಾಗಬಹುದು. ಅಲ್ಲಿ ಪೈಪೋಟಿ ಅರ್ಧ, ಸಹಕಾರ ಅರ್ಧ.)

ಆದರೆ ಹೀಗೆ ಒಟ್ಟಿಗೆ ಕಟ್ಟಿದ ಪ್ಯಾಕೇಜಿನಲ್ಲೂ ಒಂದು ಮೋಸವಿದೆ. ಒಳ್ಳೆ ಯೋಜನೆಯ ಬೆನ್ನಿಗೆ ಕೆಟ್ಟದ್ದನ್ನು ಕಟ್ಟಿ, ಒಟ್ಟು ಮೊತ್ತ ತೋರಿಸಿ ಪಾಸು ಮಾಡಿಸುತ್ತಾರೆ. ಇಲ್ಲೂ 34 ಉಳಿಯುತ್ತದೆ ತಾನೇ, ಯಾರೂ ಪ್ರಶ್ನಿಸುವುದಿಲ್ಲ! ಒಂದೊಂದನ್ನೇ ತೆಗೆದು ಮತ್ತೆ ಲೆಕ್ಕ ಹಾಕಿ. ತೆಗೆದಾಗ ಉಳಿಕೆ ಏರಿದರೆ ಅದು ಹೊರೆ. ಎಲ್ಲ ಜೋಡಣೆಗಳನ್ನೂ ನೋಡಹೊರಟರೆ, ಯೋಜನೆಗಳು ಹತ್ತಾದರೂ ಅವು ಸಾವಿರ ದಾಟುತ್ತವೆ. ಆದ್ದರಿಂದ ಒಂದರ ಲಾಭ ಇನ್ನೊಂದರಿಂದ ಬದಲಾಗುವಂಥವನ್ನು ಮಾತ್ರ ಒಂದು ಗುಂಪಾಗಿ ನೋಡಿ, ಉಳಿದವನ್ನು ಬಿಡಿಯಾಗಿಯೇ ನೋಡಬಹುದು.