ಚಕ್ರವ್ಯೂಹದ ಬಾಗಿಲು 286ರಲ್ಲಿ

ಮಾಳಮಡ್ಡಿಯ ನಮ್ಮ ಓಣಿಯ ಕೊನೆಯ ಮನೆಯ ಪಡಸಾಲೆಯಲ್ಲಿ ಒಂದು ಕಾಲಕ್ಕೆ ಶನಿವಾರ ಸಂಜೆ ಗಮಕ ಮತ್ತು ವ್ಯಾಖ್ಯಾನ ನಡೆಯುತ್ತಿತ್ತು. ಗಮಕಿಗಳು ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ರಾಗವಾಗಿ ಹಾಡಿ ನಿಲ್ಲಿಸಿದ ಕೂಡಲೇ ವ್ಯಾಖ್ಯಾನಕಾರರು ಅದರ ಅರ್ಥವನ್ನು ಬಿಡಿಸಿ ಹೇಳುತ್ತಿದ್ದರು. ಮನೆಯ ಯಜಮಾನರಾದ ಕಾಕಾ ಮೂಲೆಯಲ್ಲಿ ಕುಳಿತು ಟೇಪ್ ರೆಕಾರ್ಡರಿನ ಗುಂಡಿ ಒತ್ತುತ್ತಿದ್ದರು. ಹಾಗೆ ತುಂಬಿದ 42 ಕ್ಯಾಸೆಟ್‌ಗಳು ಕಳೆದ ಮಳೆಗಾಲದಲ್ಲಿ ಬಿಸ್ಕೀಟಿನ ಎರಡು ಡಬ್ಬಿಗಳ ಸಮೇತ ನನ್ನ ಮೇಜಿಗೆ ಬಂದವು. ಜೊತೆಗೆ, ಅವುಗಳಲ್ಲಿ ಕೆಲವನ್ನು ಹಿಂದೊಮ್ಮೆ ಯಾವುದೋ ಅಂಗಡಿಯಲ್ಲಿ ಕೊಟ್ಟು ಎಂಪಿ3 ಮಾಡಿಸಿದ್ದ ಒಂದು ಸಿಡಿಯೂ ಇತ್ತು. ಕಾಕಾ ಕೇಳಿದ್ದು ಇಷ್ಟೇ: "ತಮ್ಮಾ, ಫೋನಿನ್ಯಾಗ ಯಾವ ಪರ್ವ ಬೇಕೋ ಅದು ಸಿಗಬೇಕು, ಯಾವ ಪದ್ಯ ಬೇಕೋ ಅಲ್ಲಿಂದ ಶುರು ಆಗಬೇಕು."

ಪರ್ವ ಸಿಗುವಂತೆ ಮಾಡುವುದು ಟ್ಯಾಗ್‌ಗಳ ಕೆಲಸ. ಅದು ಒಂದು ಭಾನುವಾರದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ. ಆದರೆ ಸಿಡಿಯ ಕಡತಗಳನ್ನು ತೆರೆದಾಗ ಕನ್ನಡ ಎಂಬ ಪದ ಇರಬೇಕಾದ ಕಡೆ `PÀ£ÀßqÀ` ಎಂದಿತ್ತು. ಅಂಗಡಿಯವರು ಶೀರ್ಷಿಕೆಗಳನ್ನು ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಟೈಪಿಸಿದ್ದರು. ಅಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳನ್ನೇ, ಅವು ಕನ್ನಡವಾಗಿ ಕಾಣುವುದು ಆ ಫಾಂಟ್ ಹಾಕಿದಾಗ ಮಾತ್ರ. ಟ್ಯಾಗ್‌ಗೆ ಫಾಂಟ್ ಆರಿಸುವ ಅವಕಾಶವಿಲ್ಲ. ಆದ್ದರಿಂದ ಅವನ್ನೆಲ್ಲ ಯೂನಿಕೋಡಿಗೆ ಬದಲಿಸಿ, ಸಿಡಿಯಲ್ಲಿ ಇಲ್ಲದವುಗಳಿಗೆ ನಾನೇ ಟೈಪಿಸಿ, ಫೋನಿಗೆ ಹಾಕಿದೆ. ಫೋನು ಗದುಗಿನ ಭಾರತ, ಕುಮಾರವ್ಯಾಸ ಭಾರತ, ಕರ್ಣಾಟ ಭಾರತ ಕಥಾಮಂಜರಿ ಎಂದು ಮೂರು ಬೇರೆ ಬೇರೆ ಸಂಗ್ರಹಗಳನ್ನು ತೋರಿಸಿತು. ಒಂದೇ ಕಾವ್ಯಕ್ಕೆ ನಾವು ಪ್ರೀತಿಯಿಂದ ಮೂರು ಹೆಸರು ಇಟ್ಟುಕೊಂಡಿದ್ದೇವೆ ಎಂಬುದು ಆ್ಯಪ್‌ಗೆ ಹೇಗೆ ತಿಳಿಯಬೇಕು? ಅದು ಆಲ್ಬಮ್ ಎಂಬ ಖಾನೆಯನ್ನು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ, ಅಷ್ಟೇ. ಗದಗಿನವರ ಮೇಲಿನ ಅಭಿಮಾನದಿಂದ ಮೊದಲ ಹೆಸರನ್ನು ಉಳಿಸಿಕೊಂಡು, ಅದರ ಮುಂದೆ ಪರ್ವದ ಹೆಸರನ್ನು ಸೇರಿಸಿದೆ. ಕಲಾವಿದರ ಖಾನೆಯಲ್ಲಿ ಆ ದಿನದ ವ್ಯಾಖ್ಯಾನಕಾರರು, ಸಂಯೋಜಕರ ಖಾನೆಯಲ್ಲಿ ಕುಮಾರವ್ಯಾಸ, ಮತ್ತು ಆಲ್ಬಮ್ ಕಲಾವಿದ ಎಂಬ ಇನ್ನೊಂದು ಖಾನೆಯಲ್ಲಿ 42ಕ್ಕೂ ಒಂದೇ ಹೆಸರು. ಈ ಕೊನೆಯ ಖಾನೆ ಖಾಲಿ ಇದ್ದರೆ, ವ್ಯಾಖ್ಯಾನಕಾರರು ಬದಲಾದಾಗಲೆಲ್ಲ ಎಷ್ಟೋ ಆ್ಯಪ್‌ಗಳು ಒಂದು ಪರ್ವವನ್ನು ಎರಡಾಗಿ ಸೀಳಿಬಿಡುತ್ತವೆ.

ಇಷ್ಟಾದರೂ ದ್ರೋಣ ಪರ್ವ ಎರಡಾಗಿಯೇ ಉಳಿಯಿತು. ಎರಡರ ಹೆಸರನ್ನೂ ಕನ್ನಡಕ ಒರೆಸಿಕೊಂಡು ಓದಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಅಕ್ಷರಸಂಕೇತಗಳನ್ನು ಎಣಿಸಿದಾಗ ಒಂದು ದ್ರೋಣನಲ್ಲಿ 5, ಇನ್ನೊಂದರಲ್ಲಿ 7. ಓಕಾರದ ಗುಣಿತ ಚಿಹ್ನೆಗೆ ಯೂನಿಕೋಡಿನಲ್ಲಿ U+0CCB ಎಂಬ ಒಂದೇ ಸಂಕೇತವಿದೆ. ಅದನ್ನೇ ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಚಿಹ್ನೆ ಎಂದು ಮೂರು ತುಂಡುಗಳಾಗಿಯೂ ಬರೆಯಬಹುದು. ನುಡಿಯಿಂದ ಬದಲಾಗಿ ಬಂದ ದ್ರೋಣ ಮೂರು ತುಂಡಿನವನು, ನಾನು ಟೈಪಿಸಿದ ದ್ರೋಣ ಅಖಂಡ. ಪರದೆಯ ಮೇಲೆ ಇಬ್ಬರೂ ಒಬ್ಬರೇ. ಉದ್ಯೋಗ ಪರ್ವಕ್ಕೂ ಇದೇ ಗತಿ ಆಗಿತ್ತು. ಓಕಾರವಿಲ್ಲದ ಆದಿ, ಸಭಾ, ವಿರಾಟ ಪರ್ವಗಳು ಸುಖವಾಗಿದ್ದವು. ಎಲ್ಲ ಟ್ಯಾಗ್‌ಗಳನ್ನೂ NFC ಎಂಬ ಕೂಡಿಸಿದ ರೂಪಕ್ಕೆ ಒಮ್ಮೆಲೇ ತಂದ ಮೇಲೆ ದ್ರೋಣಾಚಾರ್ಯರು ಒಂದಾದರು.

ಇನ್ನು ಪದ್ಯದಿಂದ ಶುರುವಾಗಬೇಕೆಂಬ ಬೇಡಿಕೆ. ಇದಕ್ಕೆ ಬೇಕಾದದ್ದು ಅಧ್ಯಾಯದ ಗುರುತುಗಳು: ಇಂಥ ಕ್ಷಣದಿಂದ ಇಂಥ ಕ್ಷಣದವರೆಗೆ ಇಂಥ ಹೆಸರು ಎಂದು ಕಡತದೊಳಗೇ ಬರೆದಿಡುವುದು. ಕಾಕಾರ ಅದೇ ಹಳೆಯ ಟೇಪ್ ರೆಕಾರ್ಡರನ್ನು ಕಂಪ್ಯೂಟರಿಗೆ ಜೋಡಿಸಿ ಎಲ್ಲವನ್ನೂ ಹೊಸದಾಗಿ ಧ್ವನಿಮುದ್ರಿಸಿಕೊಂಡೆ. ಎ ಮತ್ತು ಬಿ ಬದಿಗಳನ್ನು ಕೂಡಿಸಿ ಕ್ಯಾಸೆಟ್‌ಗೊಂದು m4a ಕಡತ ಮಾಡಿದೆ. ಯಾವ ಪದ್ಯ ಎಲ್ಲಿದೆ ಎಂದು ಹುಡುಕುವ ಕಷ್ಟವೂ ಇರಲಿಲ್ಲ, ಏಕೆಂದರೆ ಪ್ರತಿ ಡಬ್ಬಿಯ ಚೀಟಿಯಲ್ಲಿ ಕಾಕಾ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಪ್ರಸಂಗದ ಹೆಸರು ಬರೆದು, ಅದರ ಎದುರಿಗೆ ಟೇಪ್ ರೆಕಾರ್ಡರಿನ ಕೌಂಟರ್ ತೋರಿಸಿದ ಅಂಕಿಯನ್ನು ಬರೆದಿದ್ದರು. ದ್ರೋಣ ಪರ್ವದ ಮೂರನೆಯ ಕ್ಯಾಸೆಟ್ಟಿನ ಎ ಬದಿಯಲ್ಲಿ "ಚಕ್ರವ್ಯೂಹ ಪ್ರವೇಶ, 286" ಎಂದಿತ್ತು. ಬದಿ ಮುಗಿಯುವಾಗ ಕೌಂಟರ್ 400, ಬದಿಯ ಒಟ್ಟು ಕಾಲ 31 ನಿಮಿಷ, ಅಂದರೆ 1860 ಸೆಕೆಂಡು. ತ್ರೈರಾಶಿಯಿಂದ ಒಂದು ಅಂಕಿಗೆ 4.65 ಸೆಕೆಂಡು, 286ಕ್ಕೆ 22 ನಿಮಿಷ 10 ಸೆಕೆಂಡು. ಹೀಗೆ ಎಲ್ಲ ಚೀಟಿಗಳನ್ನೂ ಲೆಕ್ಕ ಮಾಡಿ, ಗುರುತು ಹಾಕಿ, ಕಾಕಾರ ಫೋನಿಗೆ ಏರಿಸಿಕೊಟ್ಟೆ.

ಮರುದಿನ ಬೆಳಿಗ್ಗೆ ಹಾಲು ತರಲು ಹೋದಾಗ ಕಾಕಾ ಕಟ್ಟೆಯ ಮೇಲಿಂದಲೇ ಕರೆದರು. "ಅಭಿಮನ್ಯು ಒಳಗ ಹೋಗಿ ಎರಡೂವರೆ ನಿಮಿಷ ಆತು. ನೀ ಈಗ ಬಾಗಲಾ ತೆರೀಲಿಕ್ಕತ್ತೀಯೇನು?"

ಗುರುತುಗಳು ತಪ್ಪಿದಾಗ ಅವು ಎಷ್ಟು ತಪ್ಪಿವೆ ಎನ್ನುವುದಕ್ಕಿಂತ ಎಲ್ಲೆಲ್ಲಿ ಹೇಗೆ ತಪ್ಪಿವೆ ಎಂದು ನೋಡಬೇಕು. ಎಲ್ಲವೂ ಒಂದೇ ಸಮ ಎಂಟು ಸೆಕೆಂಡು ತಡವಾಗಿದ್ದರೆ ಆರಂಭದ ಮೌನವನ್ನು ಕತ್ತರಿಸಿದ್ದೇವೆ, ಗುರುತನ್ನು ಹಿಂದಕ್ಕೆ ಸರಿಸಲು ಮರೆತಿದ್ದೇವೆ ಎಂದರ್ಥ. ಮೊದಲರ್ಧ ಸರಿಯಿದ್ದು ಅರ್ಧದ ನಂತರ ಎಲ್ಲವೂ ಕೆಟ್ಟಿದ್ದರೆ ಬಿ ಬದಿಯ ಅಂಕಿಗಳಿಗೆ ಎ ಬದಿಯ ಕಾಲವನ್ನು ಕೂಡಿಸುವಾಗ ಎಡವಿದ್ದೇವೆ. ನನ್ನದು ಇವೆರಡೂ ಅಲ್ಲ: ಪ್ರತಿ ಬದಿಯ ಮೊದಲಿಗೆ ಮತ್ತು ಕೊನೆಗೆ ಗುರುತುಗಳು ಹೆಚ್ಚು ಕಡಿಮೆ ಸರಿಯಿದ್ದವು, ನಡುವೆ ಮಾತ್ರ ಮೂರು ನಿಮಿಷದ ಹತ್ತಿರ ತಡವಾಗುತ್ತಿದ್ದವು. ಉಂಡ ಹೊಟ್ಟೆಯಂತೆ ನಡುವೆ ಉಬ್ಬಿದ ಈ ತಪ್ಪಿಗೆ ಕಾರಣ ಕೌಂಟರಿನ ಸ್ವಭಾವ. ಅದು ನಿಮಿಷಗಳನ್ನು ಎಣಿಸುವುದಿಲ್ಲ. ಟೇಪ್ ಸುತ್ತಿಕೊಳ್ಳುವ ಗಾಲಿಯ ಸುತ್ತುಗಳನ್ನು ಎಣಿಸುತ್ತದೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಒಂದೇ ವೇಗದಲ್ಲಿ ಓಡುತ್ತದೆ, ಆದರೆ ಆರಂಭದಲ್ಲಿ ಗಾಲಿ ಬರಿದಾಗಿ ಸಣ್ಣದಿರುವುದರಿಂದ ಬೇಗ ಬೇಗ ತಿರುಗುತ್ತದೆ. ಟೇಪ್ ಸುತ್ತಿಕೊಂಡು ದಪ್ಪವಾದಂತೆ ಒಂದೊಂದು ಸುತ್ತಿಗೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ದಾರದ ಉಂಡೆ ಸುತ್ತಿದವರಿಗೆಲ್ಲ ಗೊತ್ತಿರುವ ಈ ಸಂಗತಿ ನನಗೆ ತ್ರೈರಾಶಿಯ ಹುಮ್ಮಸ್ಸಿನಲ್ಲಿ ಹೊಳೆದಿರಲಿಲ್ಲ.

ಸುತ್ತಿನಿಂದ ಸುತ್ತಿಗೆ ಸುತ್ತಳತೆ ಒಂದೇ ಪ್ರಮಾಣದಲ್ಲಿ ಹೆಚ್ಚುವುದರಿಂದ, ಕಾಲವು ಅಂಕಿಯ ಒಂದು ಗುಣಕ ಮತ್ತು ಅಂಕಿಯ ವರ್ಗದ ಇನ್ನೊಂದು ಗುಣಕ, ಇವೆರಡರ ಮೊತ್ತವಾಗಿರುತ್ತದೆ. ಗುಣಕಗಳನ್ನು ಕಂಡುಹಿಡಿಯಲು ಎರಡು ಗೊತ್ತಿರುವ ಜಾಗಗಳು ಸಾಕು. ಅದೇ ಕ್ಯಾಸೆಟ್ಟನ್ನು ಮತ್ತೆ ಹಾಕಿ, ಕೌಂಟರ್ 000ಕ್ಕೆ ತಿರುಗಿಸಿ, 200 ಬಂದಾಗ ಗಡಿಯಾರ ನೋಡಿದೆ: 12 ನಿಮಿಷ 30 ಸೆಕೆಂಡು, ಅಂದರೆ 750. ಕೊನೆಯ 400ಕ್ಕೆ 1860 ಎಂಬುದು ಗೊತ್ತೇ ಇತ್ತು. ಇವೆರಡನ್ನು ಬಿಡಿಸಿದರೆ ಸಿಗುವುದು ಇದು:

```
t = 2.85*n + 0.0045*n*n
```

300ರಲ್ಲಿ ಇದು 1260 ಸೆಕೆಂಡು, ಅಂದರೆ 21 ನಿಮಿಷ ಎನ್ನುತ್ತದೆ. ಗಡಿಯಾರದಲ್ಲಿ 20 ನಿಮಿಷ 58 ಸೆಕೆಂಡು ಆಗಿತ್ತು. ಧೈರ್ಯ ಬಂದು 286 ಹಾಕಿದೆ. 1183 ಸೆಕೆಂಡು, 19 ನಿಮಿಷ 43 ಸೆಕೆಂಡು. ಹಿಂದಿನ 22 ನಿಮಿಷ 10 ಸೆಕೆಂಡಿಗೂ ಇದಕ್ಕೂ ನಡುವೆ ಸರಿಯಾಗಿ ಕಾಕಾ ಹೇಳಿದ ಎರಡೂವರೆ ನಿಮಿಷ.

ಆದರೂ ಸೂತ್ರವನ್ನು ನಂಬಿ ಕಿವಿಯನ್ನು ಬಿಡುವ ಹಾಗಿಲ್ಲ. ಟೇಪಿನ ಆ ಭಾಗದಲ್ಲಿ ಕೌಂಟರಿನ ಒಂದು ಅಂಕಿ ಉರುಳಲು ಐದು ಸೆಕೆಂಡಿನ ಮೇಲೆ ಬೇಕು; ಚೀಟಿಯಲ್ಲಿ ಅಂಕಿ ಪೂರ್ಣಸಂಖ್ಯೆಯಾಗಿರುವುದರಿಂದ ಅಷ್ಟು ಅಳ್ಳಕ ಇದ್ದೇ ಇರುತ್ತದೆ. ಹಾಗಾಗಿ ಸೂತ್ರ ತೋರಿಸಿದ ಜಾಗಕ್ಕೆ ಹೋಗಿ, ಗಮಕಿಗಳು ಉಸಿರು ತೆಗೆದುಕೊಳ್ಳುವ ಕ್ಷಣವನ್ನು ಕೇಳಿ ಹಿಡಿದು, ಅದಕ್ಕಿಂತ ಎರಡು ಸೆಕೆಂಡು ಮೊದಲು ಗುರುತು ಹಾಕುತ್ತ ಹೋದೆ. ಪದ್ಯದ ಮೊದಲ ಅಕ್ಷರಕ್ಕೇ ಹಾಕಿದರೆ ಅರ್ಧ ಅಕ್ಷರ ಕತ್ತರಿಸಿದಂತೆ ಕೇಳುತ್ತದೆ. 90 ನಿಮಿಷದ ಕ್ಯಾಸೆಟ್‌ಗಳಲ್ಲಿ ಟೇಪು ತೆಳ್ಳಗಿರುವುದರಿಂದ ಗಾಲಿ ಅಷ್ಟು ಬೇಗ ದಪ್ಪವಾಗುವುದಿಲ್ಲ. ಅವಕ್ಕೆ ಬೇರೆ ಗುಣಕಗಳನ್ನು ತೆಗೆಯಬೇಕಾಯಿತು. ಕೊನೆಗೆ ಪ್ರತಿ ಕ್ಯಾಸೆಟ್‌ಗೊಂದು ಪಠ್ಯ ಕಡತ, ಅದರಲ್ಲಿ ಮಿಲಿಸೆಕೆಂಡುಗಳಲ್ಲಿ ಬರೆದ ಅಧ್ಯಾಯಗಳು:

```
;FFMETADATA1
[CHAPTER]
TIMEBASE=1/1000
START=1181000
END=1502000
title=ಚಕ್ರವ್ಯೂಹ ಪ್ರವೇಶ
```

ಅದನ್ನು ಧ್ವನಿಗೆ ಸೇರಿಸುವುದು ಒಂದು ಸಾಲಿನ ಕೆಲಸ:

```
ffmpeg -i drona03.m4a -i drona03.txt -map_metadata 0 -map_chapters 1 -c copy drona03.m4b
```

ಇಲ್ಲಿ `-map_metadata` ಮುಂದಿನ 0 ಎಂಬುದರ ಜಾಗದಲ್ಲಿ ಮೊದಲ ಸಲ ನಾನು 1 ಎಂದು ಬರೆದಿದ್ದೆ. ಶೀರ್ಷಿಕೆ, ಆಲ್ಬಮ್ ಎಲ್ಲವನ್ನೂ ಧ್ವನಿಯ ಕಡತದಿಂದ ತೆಗೆದುಕೊಳ್ಳುವ ಬದಲು, ಅವು ಯಾವುದೂ ಇಲ್ಲದ ಪಠ್ಯ ಕಡತದಿಂದ ತೆಗೆದುಕೊಂಡು, ಕಷ್ಟಪಟ್ಟು ಕೂಡಿಸಿದ ದ್ರೋಣಾಚಾರ್ಯರನ್ನು ಅದು ಒಂದೇ ಏಟಿಗೆ ಅಳಿಸಿಹಾಕಿತ್ತು. ಮೂಲ ಕಡತ ಹಾಗೇ ಇದ್ದುದರಿಂದ ಬದುಕಿಕೊಂಡೆ.

ಮುಖಚಿತ್ರದ ವಿಷಯದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಗದಗಿನ ವೀರನಾರಾಯಣ ಗುಡಿಯ ಗೋಪುರದ ಚಿತ್ರವನ್ನು ನಾನೇ ತೆಗೆದದ್ದು ಇತ್ತು. ನಾರಣಪ್ಪ ಅಲ್ಲಿಯ ಕಂಬದ ಬಳಿ ಕುಳಿತು ಕಾವ್ಯ ಬರೆದನೆಂಬ ಪ್ರತೀತಿ ಇರುವಾಗ ಬೇರೆ ಚಿತ್ರ ಯಾಕೆ ಬೇಕು? ಆದರೆ ಫೋನಿನ ಚಿತ್ರ 4 ಎಂಬಿ, ಅದು ಪ್ರತಿ ಕಡತದೊಳಗೂ ಪ್ರತ್ಯೇಕವಾಗಿ ಸೇರಿಕೊಳ್ಳುತ್ತದೆ. ಒಂದು ಗಂಟೆಯ ಮಾತು 64 ಕೆಬಿಪಿಎಸ್‌ನಲ್ಲಿ ಸುಮಾರು 29 ಎಂಬಿ ಇರುವಾಗ ಗೋಪುರಕ್ಕೇ ಏಳನೆಯ ಒಂದು ಪಾಲು ಕೊಡುವುದು ಅತಿಯಾಯಿತು. ಚೌಕವಾಗಿ ಕತ್ತರಿಸಿ, 600 ಪಿಕ್ಸೆಲ್ಲಿಗೆ ಇಳಿಸಿ, ಪರ್ವದ ಹೆಸರನ್ನು ಚೆಂದವಾಗಿ ಬರೆದೆ. ಪಟ್ಟಿಯಲ್ಲಿ ಅದು ಉಗುರಿನಷ್ಟಾದಾಗ ಒತ್ತಕ್ಷರಗಳೆಲ್ಲ ಇರುವೆಗಳಾದವು. ಹೆಸರು ತೆಗೆದು ಪರ್ವಕ್ಕೊಂದು ಬಣ್ಣದ ಪಟ್ಟಿ ಹಾಕಿದೆ: ದ್ರೋಣಕ್ಕೆ ಕೆಂಪು, ಉದ್ಯೋಗಕ್ಕೆ ಹಳದಿ, ಹೀಗೆ ಹತ್ತು.

ಎಲ್ಲ ಮುಗಿಸಿ ಕಾಕಾರ ಫೋನಿಗೆ ಆಡಿಯೋಬುಕ್ ಆ್ಯಪ್ ಹಾಕಿಕೊಟ್ಟೆ. ಅವರು ಕೆಂಪು ಪಟ್ಟಿಯನ್ನು ಒತ್ತಿ, ಮೂರನೆಯದನ್ನು ತೆರೆದು, ಅಧ್ಯಾಯಗಳ ಪಟ್ಟಿಯನ್ನು ಕೆಳಗಿನವರೆಗೆ ಜರುಗಿಸಿ ಕೇಳಿದರು: "ಚಹಾ ಎಲ್ಲಿ?"

ಚೀಟಿಗಳಲ್ಲಿ ಬಿ ಬದಿಯ ಎದುರಿಗೆ ಒಂದೊಂದು "ಚಹಾ" ಎಂದು ಇದ್ದದ್ದು ನಿಜ. ರೆಕಾರ್ಡರ್ ನಿಲ್ಲಿಸಲು ಮರೆತ ವಿರಾಮಗಳು ಅವು ಎಂದುಕೊಂಡು ನಾನೇ ಬಿಟ್ಟುಬಿಟ್ಟಿದ್ದೆ. "ಮರ್ತಿಲ್ಲೋ, ಬೇಕಂತಲೇ ಬಿಟ್ಟಿದ್ದೆ," ಎಂದರು. ಮನೆಗೆ ಬಂದು 112 ಎಂಬ ಅಂಕಿಯನ್ನು ಸೂತ್ರಕ್ಕೆ ಹಾಕಿ, ಬಂದ 376 ಸೆಕೆಂಡಿಗೆ ಎ ಬದಿಯ 1860 ಕೂಡಿಸಿ, 37 ನಿಮಿಷ 16 ಸೆಕೆಂಡಿಗೆ ಹೋಗಿ ಕೇಳಿದೆ. ಕಪ್ಪು ಬಸಿಗಳ ಸದ್ದಿನ ನಡುವೆ, ಅಭಿಮನ್ಯುವಿಗೆ ಹೊರಬರುವ ದಾರಿ ಯಾಕೆ ಗೊತ್ತಿರಲಿಲ್ಲ ಎಂದು ಗಮಕಿಗಳೂ ವ್ಯಾಖ್ಯಾನಕಾರರೂ ಜಗಳಕ್ಕೇ ಇಳಿದಿದ್ದರು. ಯಾರೋ ನಡುವೆ ಬಾಯಿ ಹಾಕಿ ಪೇಡೆ ಲೈನ್ ಬಜಾರಿನದೋ ಎಂದು ಕೇಳುತ್ತಿದ್ದರು.