ಎಎಲ್‌ಇ ಕೂಡ ಅಂದಾಜೇ ಅಲ್ವಾ?

ಸೈಬರ್ ಅಪಾಯವನ್ನು ಕೆಲವರು ಹೆಚ್ಚು, ಮಧ್ಯಮ, ಕಡಿಮೆ ಅಂತ ಪಟ್ಟಿ ಮಾಡಿ ಅಳೆಯುತ್ತಾರೆ. ಇನ್ನು ಕೆಲವರು ಎಎಲ್‌ಇ, ಅಂದರೆ ಆ ಅಪಾಯದಿಂದ ವರ್ಷಕ್ಕೆ ಸರಾಸರಿ ಎಷ್ಟು ನಷ್ಟ ಅನ್ನುವ ಲೆಕ್ಕ ಹಾಕುತ್ತಾರೆ. ಈ ಎರಡನೆಯವರು ಹೇಳುವುದು ಹೀಗೆ: "ಹೆಚ್ಚು, ಮಧ್ಯಮ, ಕಡಿಮೆ ಅನ್ನುವುದು ಬರೀ ಅಭಿಪ್ರಾಯ. ಎಎಲ್‌ಇ ಮಾತ್ರ ವಾಸ್ತವ."

ಇದನ್ನು ಒಪ್ಪುವುದು ಕಷ್ಟ. ಒಂದು ಲೆಕ್ಕ ಹಾಕಿ ನೋಡಿ. ಸರ್ವರ್ ಮತ್ತು ಅದರಲ್ಲಿರುವ ಡೇಟಾದ ಬೆಲೆ 40 ಲಕ್ಷ. ರ‍್ಯಾನ್ಸಮ್‌ವೇರ್ ಹೊಡೆದರೆ ಅದರಲ್ಲಿ 25% ಹೋಗುತ್ತದೆ ಅಂತಿಟ್ಟುಕೊಳ್ಳಿ. ಅಂದರೆ ಒಂದು ಸಲಕ್ಕೆ 10 ಲಕ್ಷ ನಷ್ಟ. ಐದು ವರ್ಷಕ್ಕೊಮ್ಮೆ ಹೀಗಾಗುತ್ತದೆ ಅಂದರೆ ವರ್ಷಕ್ಕೆ 0.2 ಸಲ, ಎಎಲ್‌ಇ 2 ಲಕ್ಷ. ಎರಡು ವರ್ಷಕ್ಕೊಮ್ಮೆ ಅಂದರೆ 5 ಲಕ್ಷ.

ಈಗ ವರ್ಷಕ್ಕೆ 3 ಲಕ್ಷ ಖರ್ಚಿನ ಒಂದು ರಕ್ಷಣೆ ಇದೆ, ಅದು ದಾಳಿಯನ್ನು ಹತ್ತು ವರ್ಷಕ್ಕೊಮ್ಮೆಗೆ ಇಳಿಸುತ್ತದೆ. ಆಗ ಉಳಿಯುವ ಎಎಲ್‌ಇ 1 ಲಕ್ಷ. ಮೊದಲ ಅಂದಾಜಿನಲ್ಲಿ ಉಳಿತಾಯ 1 ಲಕ್ಷ, ಖರ್ಚು 3 ಲಕ್ಷ, ಸುಮ್ನೆ ದಂಡ. ಎರಡನೆಯದರಲ್ಲಿ ಉಳಿತಾಯ 4 ಲಕ್ಷ, ಕಣ್ಣುಮುಚ್ಚಿ ಕೊಳ್ಳಬಹುದು. ತೀರ್ಮಾನ ಬದಲಿಸಿದ್ದು "ಎಷ್ಟು ವರ್ಷಕ್ಕೊಮ್ಮೆ" ಅನ್ನುವ ಒಂದೇ ಊಹೆ. ಅದನ್ನು ಹೇಳಿದವರೂ ಮೀಟಿಂಗ್‌ನಲ್ಲಿ "ಮಧ್ಯಮ" ಅಂದವರೇ!

ಇನ್ನೊಂದು ಮಾತು. ವರ್ಷಕ್ಕೆ 20 ಸಲ ತಲಾ 10 ಸಾವಿರ ಹೋದರೂ ಎಎಲ್‌ಇ ಅದೇ 2 ಲಕ್ಷ. ಅದನ್ನು ಹೆಚ್ಚಿನ ಕಂಪನಿಗಳು ತಡೆದುಕೊಳ್ಳುತ್ತವೆ. ಒಂದೇ ದಿನ 10 ಲಕ್ಷ ಹೋದರೆ ಸಣ್ಣ ಕಂಪನಿಗೆ ಆ ತಿಂಗಳ ಸಂಬಳ ಕೊಡೋದೂ ಕಷ್ಟವಾಗಬಹುದು. ಈ ವ್ಯತ್ಯಾಸ ಸರಾಸರಿಯಲ್ಲಿ ಕಾಣುವುದಿಲ್ಲ, "ಪರಿಣಾಮ: ಹೆಚ್ಚು" ಅಂತ ಬರೆದ ಪಟ್ಟಿಯಲ್ಲಿ ಕಾಣುತ್ತದೆ.