ವ್ಯತ್ಯಾಸ ತತ್ವದ ಕುರಿತು ಸ್ಪಷ್ಟನೆ

“ಅಜ್ಞಾನದ ಪರದೆಯ ಹಿಂದೆ ನಿಂತರೆ ಎಲ್ಲರಿಗೂ ಸಮಾನ ಆದಾಯ ಹಂಚಲೇಬೇಕು ಎಂದು ರಾಲ್ಸ್ ಹೇಳಿದ್ದಾರೆ.”

ಹರಿದಾಡುತ್ತಿರುವ ಈ ಸಂದೇಶ ತಪ್ಪು. 1971ರಲ್ಲಿ ಪ್ರಕಟವಾದ ತಮ್ಮ ನ್ಯಾಯ ಸಿದ್ಧಾಂತದ ಗ್ರಂಥದಲ್ಲಿ ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ ಅಸಮಾನತೆಯನ್ನು ಷರತ್ತಿನ ಮೇಲೆ ಒಪ್ಪುತ್ತಾರೆ: ಅದು ಅತ್ಯಂತ ಕೆಳಸ್ತರದಲ್ಲಿರುವವರಿಗೆ ಗರಿಷ್ಠ ಪ್ರಯೋಜನ ತರಬೇಕು, ಇದೇ ವ್ಯತ್ಯಾಸ ತತ್ವ; ಜೊತೆಗೆ ಉನ್ನತ ಸ್ಥಾನಗಳು ನ್ಯಾಯಯುತ ಅವಕಾಶದ ಮೂಲಕ ಎಲ್ಲರಿಗೂ ತೆರೆದಿರಬೇಕು.

ಮೂರು ವ್ಯವಸ್ಥೆಗಳಲ್ಲಿ ಕೆಳ, ಮಧ್ಯಮ, ಮೇಲಿನ ವರ್ಗಗಳ ಪಾಲು ಕ್ರಮವಾಗಿ 10, 10, 10; 14, 20, 30; ಮತ್ತು 8, 40, 90 ಎಂದಿಟ್ಟುಕೊಳ್ಳಿ. ಮೂರನೆಯದರ ಸರಾಸರಿ 46, ಅಂದರೆ ಎಲ್ಲಕ್ಕಿಂತ ಹೆಚ್ಚು. ಆದರೆ ಅಜ್ಞಾನದ ಪರದೆಯ ಹಿಂದೆ ನಿಂತ, ಅಂದರೆ ತಾನು ಯಾವ ವರ್ಗದಲ್ಲಿ ಹುಟ್ಟುತ್ತೇನೆ, ತನ್ನ ಪ್ರತಿಭೆ ಎಷ್ಟು ಎಂಬುದು ತಿಳಿಯದ, ಸಂಭವನೀಯತೆಯ ಲೆಕ್ಕ ಹಾಕಲೂ ಆಧಾರವಿಲ್ಲದ ವ್ಯಕ್ತಿಯು ಕೆಳಗಿನವರ ಪಾಲು 14 ಇರುವ ಎರಡನೆಯದನ್ನೇ ಆರಿಸುವನು ಎಂಬುದು ರಾಲ್ಸ್ ಅವರ ವಾದ. ಸಂಪೂರ್ಣ ಸಮಾನತೆಯ ಮೊದಲನೆಯದು ಇಲ್ಲಿ ಸೋಲುತ್ತದೆ.

ಈ ಆಯ್ಕೆಯನ್ನು ಅರ್ಥಶಾಸ್ತ್ರಜ್ಞ ಹರ್ಸಾನಿಯಂಥವರು ಬಲವಾಗಿಯೇ ಪ್ರಶ್ನಿಸಿದ್ದಾರೆ. ಅವರ ಪ್ರಕಾರ ಸರಾಸರಿಯನ್ನು ನೋಡುವುದೇ ವಿವೇಕ. ಅದು ಚರ್ಚಿಸಬೇಕಾದ ಆಕ್ಷೇಪ. ಇನ್ನೊಂದು ಮಾತು: ಈ ತತ್ವವು ಸಮಾಜದ ಮೂಲ ಸಂಸ್ಥೆಗಳಿಗೆ ಅನ್ವಯಿಸುತ್ತದೆಯೇ ಹೊರತು ಪ್ರತಿಯೊಂದು ವ್ಯವಹಾರಕ್ಕಲ್ಲ, ಮತ್ತು ಮೂಲಭೂತ ಸ್ವಾತಂತ್ರ್ಯಗಳನ್ನು ಮೊಟಕುಗೊಳಿಸಿ ಇದನ್ನು ಸಾಧಿಸುವಂತಿಲ್ಲ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ.